31 ಕರ್ಸರ್, 30 ಜಿಲ್ಲೆ

2022ರ ಒಂದು ಸಂಜೆ, ರಾಜ್ಯದ 31 ಜಿಲ್ಲೆಗಳ ಹೆಸರನ್ನು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಒಂದು ಜೇಸನ್ ಕಡತಕ್ಕೆ ಸೇರಿಸಬೇಕಿತ್ತು. ಇಂಗ್ಲಿಷ್ ಪಟ್ಟಿಯನ್ನು ವಿಎಸ್ ಕೋಡ್ ಎಡಿಟರ್‌ಗೆ ಅಂಟಿಸಿ, ಮೊದಲ ಸಾಲಿಗೆ ಉದ್ಧರಣ ಚಿಹ್ನೆ ಹಾಕಿದೆ, ಎರಡನೆಯದಕ್ಕೂ ಹಾಕಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಎದ್ದು ಬಂದರು. "ಎಲ್ಲ ಸಾಲನ್ನೂ ಆಯ್ದುಕೊಂಡು `Shift+Alt+I` ಒತ್ತಿ ನೋಡಿ" ಎಂದರು.

ಆಗಲೇ ಹಾಕಿದ್ದ ಚಿಹ್ನೆಗಳನ್ನು ಅಳಿಸಿ, ಹಾಗೆಯೇ ಮಾಡಿದೆ. ಪ್ರತಿ ಸಾಲಿನ ಕೊನೆಯಲ್ಲೂ ಒಂದೊಂದು ಕರ್ಸರ್ ಮಿನುಗತೊಡಗಿತು. ಎಡಿಟರ್‌ನ ತಳದ ಸ್ಟೇಟಸ್ ಬಾರ್‌ನಲ್ಲಿ `31 selections` ಎಂದು ಕಾಣಿಸಿತು. `Home` ಒತ್ತಿ ಒಂದು ಚಿಹ್ನೆ, `End` ಒತ್ತಿ ಇನ್ನೊಂದು. ಇಲ್ಲಿ ಬಾಣದ ಕೀಲಿಯನ್ನು ನೆಚ್ಚಬಾರದು: ಹೆಸರುಗಳ ಉದ್ದ ಬೇರೆಬೇರೆ, ಪದದಿಂದ ಪದಕ್ಕೆ ಹಾರಿದರೆ `Bengaluru Rural` ನಡುವೆಯೇ ಕರ್ಸರ್ ನಿಂತುಬಿಡುತ್ತದೆ. ಸಾಲಿನ ಆದಿ, ಅಂತ್ಯಗಳು ಮಾತ್ರ ಎಲ್ಲ ಸಾಲಿಗೂ ಸಮಾನ.

ಇನ್ನು ಕನ್ನಡ ಹೆಸರುಗಳು. ಪ್ರತಿ ಸಾಲಿನ ಕೊನೆಗೆ `: "",` ಸೇರಿಸಿ, ಕರ್ಸರ್‌ಗಳನ್ನು ಆ ಎರಡು ಚಿಹ್ನೆಗಳ ನಡುವೆ ನಿಲ್ಲಿಸಿದೆ. ಆಯ್ದು ನಕಲಿಸಿದ ಪಠ್ಯದ ಸಾಲುಗಳು ಕರ್ಸರ್‌ಗಳಷ್ಟೇ ಇದ್ದರೆ, ಎಡಿಟರ್ ಒಂದೊಂದು ಕರ್ಸರ್‌ಗೆ ಒಂದೊಂದು ಸಾಲನ್ನು ಹಂಚುತ್ತದೆ ಎಂದೂ ಅವರು ಹೇಳಿದ್ದರು. ಹಳೆಯ ಕೆಲಸವೊಂದರಿಂದ ಪಟ್ಟಿ ತೆಗೆದು `Ctrl+V` ಒತ್ತಿದೆ. ಕಡತ ಒಮ್ಮೆಲೇ 930 ಸಾಲಿಗೆ ಉಬ್ಬಿತು! ಬಾಗಲಕೋಟೆಯ ಎದುರಿಗೂ ಇಡೀ ಪಟ್ಟಿ, ಬೀದರ್ ಎದುರಿಗೂ ಇಡೀ ಪಟ್ಟಿ. `Ctrl+Z` ಒತ್ತಿ ಎಣಿಸಿದೆ: 30 ಹೆಸರು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಆ ಪಟ್ಟಿಯಲ್ಲಿ ಇರಲಿಲ್ಲ. ಲೆಕ್ಕ ಒಂದು ತಪ್ಪಿದರೂ ಹಂಚಿಕೆ ಇಲ್ಲ. ಪ್ರತಿ ಕರ್ಸರ್‌ಗೂ ಇಡಿಯಾಗಿ ಸುರಿಯುವುದೇ.

ವಿಜಯನಗರವನ್ನು ಸೇರಿಸಿ ಮತ್ತೆ ಅಂಟಿಸಿದೆ. ಈ ಸಲ ಸದ್ದಿಲ್ಲದೆ ಕೂತಿತು.

```
"Bagalkote": "ಉಡುಪಿ",
"Ballari": "ಉತ್ತರ ಕನ್ನಡ",
```

ಒಂದು ಪಟ್ಟಿ ಎಬಿಸಿಡಿ ಕ್ರಮದಲ್ಲಿ, ಇನ್ನೊಂದು ಅಕಾರಾದಿಯಲ್ಲಿ. ಎಡಿಟರ್ ಎಣಿಸುತ್ತದೆ, ಓದುವುದಿಲ್ಲ. 930 ಸಾಲಿನ ಅನಾಹುತ ಕಣ್ಣಿಗೆ ರಾಚುತ್ತದೆ. ಇದು ಹಾಗಲ್ಲ, ಸಾಲುಗಳ ಸಂಖ್ಯೆಯೂ ಸರಿ, ಕೊನೆಯ ಅಲ್ಪವಿರಾಮವೊಂದನ್ನು ಬಿಟ್ಟರೆ ಜೇಸನ್ ಆಗಿಯೂ ಸರಿ. ಮೇಲಿನೆರಡು ಸಾಲು ಕಣ್ಣಿಗೆ ಬೀಳದಿದ್ದರೆ ಹಾಗೆಯೇ ಕಳಿಸಿಬಿಡುತ್ತಿದ್ದೆ.

ಮತ್ತೆ `Ctrl+Z` ಒತ್ತಿ, ಕನ್ನಡ ಪಟ್ಟಿಯನ್ನು ಹೊಸ ಕಡತದಲ್ಲಿ ತೆರೆದೆ. ಕರ್ಸರ್ ಇರುವ ಸಾಲನ್ನು ಎತ್ತಿಕೊಂಡು ಮೇಲೆ ಕೆಳಗೆ ಸರಿಸುವ `Alt+↑`, `Alt+↓` ನನಗೆ ಮೊದಲೇ ಗೊತ್ತಿದ್ದವು. ಉಡುಪಿಯನ್ನು 27ನೆಯ ಸಾಲಿಗೆ ಇಳಿಸಿ, ಬಾಗಲಕೋಟೆಯನ್ನು ಮೇಲಕ್ಕೇರಿಸಿ, ಒಂದೊಂದೇ ಜಿಲ್ಲೆಯನ್ನು ಅದರ ಜಾಗಕ್ಕೆ ಮುಟ್ಟಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಕೈಯಿಂದಲೇ ಟೈಪು ಮಾಡಿ ಮುಗಿಸಬಹುದಿತ್ತೇನೋ. ಆ ಮಾತನ್ನು ಸಹೋದ್ಯೋಗಿಗೆ ಹೇಳಲಿಲ್ಲ. ಮೂರನೆಯ ಸಲ ಅಂಟಿಸಿ, `Esc` ಒತ್ತಿ ಒಂದೇ ಕರ್ಸರ್‌ಗೆ ಮರಳಿ, ಯಾದಗಿರಿಯ ಮುಂದೆ ಉಳಿದಿದ್ದ ಅಲ್ಪವಿರಾಮವನ್ನು ಅಳಿಸಿದೆ.