ರೆಪೊ ದರ ಏರಿಕೆಯ ದತ್ತಾಂಶ ಪ್ರಶ್ನೆ: ಕೊನೆಯ ಉಪಪ್ರಶ್ನೆಗೆ ಸಿಕ್ಕ ದಾರಿ

ಆತ್ಮೀಯ ಸಹಪಾಠಿಗಳೇ,

ಅಭ್ಯಾಸಕ್ಕೆಂದು ನಾವು ಆರಿಸಿಕೊಂಡಿದ್ದ ದತ್ತಾಂಶ ಪ್ರಶ್ನೆಯ ಕೊನೆಯ ಭಾಗ, ಅಂದರೆ "ರೆಪೊ ದರದ ಏರಿಕೆಯು ಹಣದುಬ್ಬರವನ್ನು ತಗ್ಗಿಸುವಲ್ಲಿ ಎಷ್ಟರ ಮಟ್ಟಿಗೆ ಯಶಸ್ವಿಯಾಯಿತು ಎಂಬುದನ್ನು ಕೋಷ್ಟಕದ ಆಧಾರದಿಂದ ವಿಮರ್ಶಿಸಿ" ಎಂಬ ಭಾಗ, ಕೊನೆಗೂ ಒಂದು ರೂಪಕ್ಕೆ ಬಂದಿದೆ. ಮೊದಲ ಎರಡು ಉಪಪ್ರಶ್ನೆಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ರೆಪೊ ದರ ಎಂದರೇನು, ಅದನ್ನು ಹಣಕಾಸು ನೀತಿ ಸಮಿತಿ ಯಾಕೆ ಏರಿಸುತ್ತದೆ ಎಂಬುದನ್ನು ಎಲ್ಲರೂ ಚೆನ್ನಾಗಿಯೇ ಬರೆದಿದ್ದೀರಿ.

ಕೋಷ್ಟಕವನ್ನು ಮತ್ತೊಮ್ಮೆ ಕೊಡುತ್ತೇನೆ. ನಮಗೆ ಸಿಕ್ಕಿದ ಜೆರಾಕ್ಸ್ ಪ್ರತಿಯಲ್ಲಿ ತಿಂಗಳುಗಳ ಕಾಲಮ್ಮೇ ಅರ್ಧ ಕತ್ತರಿಸಿ ಹೋಗಿತ್ತು. ರೆಪೊ ದರ ಆಯಾ ತಿಂಗಳ ಕೊನೆಯದ್ದು, ಹಣದುಬ್ಬರ ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಏರಿಕೆ, ಎರಡೂ ಶೇಕಡಾದಲ್ಲಿ.

2022 ಏಪ್ರಿಲ್: ರೆಪೊ 4.00, ಹಣದುಬ್ಬರ 7.79
2022 ಸೆಪ್ಟೆಂಬರ್: ರೆಪೊ 5.90, ಹಣದುಬ್ಬರ 7.41
2022 ಡಿಸೆಂಬರ್: ರೆಪೊ 6.25, ಹಣದುಬ್ಬರ 5.72
2023 ಏಪ್ರಿಲ್: ರೆಪೊ 6.50, ಹಣದುಬ್ಬರ 4.70
2023 ಜುಲೈ: ರೆಪೊ 6.50, ಹಣದುಬ್ಬರ 7.44

ಮೊದಲನೆಯ ಮತ್ತು ನಾಲ್ಕನೆಯ ಸಾಲುಗಳನ್ನಷ್ಟೇ ನೋಡಿದರೆ ಉತ್ತರ ತಾನಾಗಿಯೇ ಬರುತ್ತದೆ: ದರ ಏರಿತು, ಹಣದುಬ್ಬರ ಇಳಿಯಿತು, ಆದ್ದರಿಂದ ನೀತಿ ಯಶಸ್ವಿಯಾಯಿತು. ನಮ್ಮ ಗುಂಪಿನ ಹೆಚ್ಚಿನ ಉತ್ತರಗಳು ಇಲ್ಲಿಗೇ ನಿಂತಿದ್ದವು, ಅನಂತರದ ಪುಟವೆಲ್ಲ ಪಠ್ಯಪುಸ್ತಕದ ಸಿದ್ಧಾಂತವೇ ಆಗಿತ್ತು. ದತ್ತಾಂಶ ಒಂದು ಕಡೆ, ಸಿದ್ಧಾಂತ ಇನ್ನೊಂದು ಕಡೆ ಉಳಿದು, ಎರಡಕ್ಕೂ ಸಂಬಂಧವೇ ಕಾಣದಿದ್ದುದು ನಮ್ಮನ್ನು ಇಷ್ಟು ದಿನ ಕಾಡಿದ ತೊಡಕು.

ದಾರಿ ಸಿಕ್ಕಿದ್ದು ಕೋಷ್ಟಕದಲ್ಲಿ ಏನಿಲ್ಲ ಎಂಬುದನ್ನು ನೋಡಿದಾಗ. ರೆಪೊ ದರ ಏರಿದರೆ ಬ್ಯಾಂಕುಗಳ ಸಾಲದ ಬಡ್ಡಿ ಏರಬೇಕು, ಅದರಿಂದ ಸಾಲ ಮತ್ತು ಖರ್ಚು ಕಡಿಮೆಯಾಗಬೇಕು, ಬೇಡಿಕೆ ತಗ್ಗಬೇಕು, ಆಮೇಲೆ ಬೆಲೆಗಳ ಏರಿಕೆ ನಿಧಾನವಾಗಬೇಕು. ಈ ಸರಪಳಿಯ ಮೊದಲ ಕೊಂಡಿ ಮತ್ತು ಕೊನೆಯ ಕೊಂಡಿ ಮಾತ್ರ ಕೋಷ್ಟಕದಲ್ಲಿವೆ. ನಡುವಿನ ಒಂದು ಅಂಕಿಯೂ ಇಲ್ಲ. ಹಾಗಾಗಿ ಉತ್ತರದ ಚೌಕಟ್ಟು ಹೀಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ: ಮೊದಲು ಎರಡು ತುದಿಗಳನ್ನು ಅಂಕಿಗಳಿಂದ ಹೇಳಿ, ನಡುವಿನದನ್ನು ಸಿದ್ಧಾಂತದಿಂದ ತುಂಬಿ, ಯಾವುದು ಕೋಷ್ಟಕದಿಂದ ಬಂದದ್ದು, ಯಾವುದು ನಮ್ಮ ಊಹೆ ಎಂಬುದನ್ನು ವಾಕ್ಯದಲ್ಲೇ ಸ್ಪಷ್ಟಪಡಿಸಿ, ಆಮೇಲೆ ಈ ಕಥನಕ್ಕೆ ಒಗ್ಗದ ಸಾಲನ್ನು ಎತ್ತಿಕೊಳ್ಳುವುದು.

ಮೊದಲ ಪ್ಯಾರಾದಲ್ಲಿ ಎರಡು ಎಚ್ಚರಿಕೆಗಳು ಬೇಕು. ರೆಪೊ 4.00ರಿಂದ 6.50ಕ್ಕೆ ಏರಿದ್ದು 2.5 ಶೇಕಡಾ ಅಂಶ, ಅಂದರೆ 250 ಮೂಲಾಂಶ, "ಶೇಕಡಾ 2.5ರಷ್ಟು ಏರಿಕೆ" ಎಂದು ಬರೆದರೆ ಅದು ತಪ್ಪು, ಏಕೆಂದರೆ ಆ ಲೆಕ್ಕದಲ್ಲಿ ಏರಿಕೆ ಶೇಕಡಾ 62.5. ನಾವು ದುಡ್ಡು ಕೊಟ್ಟು ತರಿಸಿದ ಮಾದರಿ ಉತ್ತರಗಳ ಪುಸ್ತಿಕೆಯಲ್ಲಿ ಇದೇ ತಪ್ಪು ಪುಟಪುಟದಲ್ಲೂ ಅಚ್ಚಾಗಿರುವುದು ನಿಜಕ್ಕೂ ಬೇಸರದ ಸಂಗತಿ. ಕನ್ನಡದಲ್ಲಿ ಸಿಗುವ ಸಾಮಗ್ರಿಯೇ ಕಡಿಮೆ ಇರುವಾಗ ಸಿಕ್ಕಿದ್ದಾದರೂ ಸರಿಯಾಗಿರಬೇಕಲ್ಲವೇ? ಎರಡನೆಯದಾಗಿ, 4.70 ಎಂದರೆ ಬೆಲೆ ಇಳಿಯಿತು ಎಂದಲ್ಲ. 2021ರ ಏಪ್ರಿಲ್‌ನಲ್ಲಿ 100 ರೂಪಾಯಿಯ ಸಾಮಾನು 2022ರ ಏಪ್ರಿಲ್‌ಗೆ 107.79 ಆಯಿತು, 2023ರ ಏಪ್ರಿಲ್‌ಗೆ ಸುಮಾರು 112.86 ಆಯಿತು. ಹಿಂದಿನ ವರ್ಷದ ಬೆಲೆಯೇ ಎತ್ತರದಲ್ಲಿದ್ದುದರಿಂದ ಈ ವರ್ಷದ ಶೇಕಡಾವಾರು ಏರಿಕೆ ಸಣ್ಣದಾಗಿ ಕಾಣುವುದೂ ಇದೆ, ಅದನ್ನು ಒಂದು ವಾಕ್ಯದಲ್ಲಿ ಹೇಳಬೇಕು.

ನಡುವಿನ ಪ್ಯಾರಾಕ್ಕೆ ಬರಿಯ ಸಿದ್ಧಾಂತ ಸಾಲದು, ಒಂದು ಲೆಕ್ಕ ಇರಲಿ. 20 ಲಕ್ಷದ ಮನೆ ಸಾಲ, 20 ವರ್ಷದ ಅವಧಿ, ಶೇಕಡಾ 7 ಬಡ್ಡಿ ಎಂದಿಟ್ಟುಕೊಂಡರೆ ಮಾಸಿಕ ಕಂತು ಸುಮಾರು 15,506 ರೂಪಾಯಿ. ಬಡ್ಡಿ 9.5 ಆದರೆ ಅದು 18,643. ತಿಂಗಳಿಗೆ ಮೂರು ಸಾವಿರಕ್ಕೂ ಮಿಕ್ಕಿ ಹಣ ಬೇರೆ ಖರ್ಚಿನಿಂದ ಕಡಿತವಾಗಬೇಕು. ಬ್ಯಾಂಕು ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಮಾತ್ರ ಹಿಗ್ಗಿಸಿದರೆ ಖರ್ಚು ತಕ್ಷಣ ಕಡಿಮೆಯಾಗುವುದಿಲ್ಲ. ಆದರೆ ಅದಕ್ಕೂ ಮಿತಿಯಿದೆ, ಏಕೆಂದರೆ ಅಸಲು ಪೂರ್ತಿ ಬಾಕಿಯಿದ್ದಾಗ 9.5ರ ದರದಲ್ಲಿ ಒಂದು ತಿಂಗಳ ಬಡ್ಡಿಯೇ 15,833 ರೂಪಾಯಿ, ಅಂದರೆ ಹಳೆಯ ಕಂತು ಬಡ್ಡಿಗೂ ಸಾಲುವುದಿಲ್ಲ.

ಈ ಕೊಂಡಿ ಎಲ್ಲೆಡೆಯೂ ಒಂದೇ ಬಿಗಿಯಲ್ಲಿಲ್ಲ ಎಂಬುದಕ್ಕೆ ನಮ್ಮ ಬದಿಯಡ್ಕ, ಕುಂಬಳೆ ಕಡೆಯ ಉದಾಹರಣೆಯೇ ಸಾಕು. 2019ರ ಅಕ್ಟೋಬರ್‌ನಿಂದ ವಾಣಿಜ್ಯ ಬ್ಯಾಂಕುಗಳ ಹೊಸ ಬದಲಾಗುವ ದರದ ಮನೆ ಸಾಲಗಳು ರೆಪೊದಂತಹ ಬಾಹ್ಯ ಮಾನದಂಡಕ್ಕೆ ಜೋಡಣೆಯಾಗಿವೆ, ಮೂರು ತಿಂಗಳೊಳಗೆ ಅವುಗಳ ದರ ಬದಲಾಗಲೇಬೇಕು. ಆದರೆ ಕೃಷಿಕರು ಬಡ್ಡಿ ಸಹಾಯಧನ ಯೋಜನೆಯಲ್ಲಿ ಪಡೆಯುವ 3 ಲಕ್ಷದೊಳಗಿನ ಬೆಳೆ ಸಾಲಕ್ಕೆ ಬಡ್ಡಿ ಶೇಕಡಾ 7, ಸಕಾಲದಲ್ಲಿ ತೀರಿಸಿದರೆ 4. ರೆಪೊ ಏರಿದರೂ ಆ ಅಡಿಕೆ ಬೆಳೆಗಾರರ ಬಡ್ಡಿ ಅಷ್ಟೇ ಇರುತ್ತದೆ.

ಈಗ ವಿಮರ್ಶೆ. 2022ರ ಸೆಪ್ಟೆಂಬರ್ ಸಾಲನ್ನು ನೋಡಿ: ರೆಪೊ ಆಗಲೇ 1.9 ಅಂಶ ಏರಿತ್ತು, ಹಣದುಬ್ಬರ ಮಾತ್ರ 7.41ರಲ್ಲೇ ಇತ್ತು. ಇದನ್ನು ವಿಫಲತೆ ಎನ್ನುವ ಹಾಗಿಲ್ಲ. ಬಡ್ಡಿಯ ಪರಿಣಾಮ ಬೆಲೆಗೆ ತಲುಪಲು ಹಲವು ತ್ರೈಮಾಸಿಕಗಳು ಬೇಕು, ಆ ತಿಂಗಳ 30ರಂದು ಏರಿಸಿದ ದರವಂತೂ ಅದೇ ತಿಂಗಳ ಬೆಲೆಯನ್ನು ಮುಟ್ಟುವ ಸಾಧ್ಯತೆಯೇ ಇಲ್ಲ. ಅದೇ ತರ್ಕದಿಂದ ಡಿಸೆಂಬರ್‌ನ ಇಳಿಕೆಯನ್ನು ಪೂರ್ತಿಯಾಗಿ ನೀತಿಯ ಲೆಕ್ಕಕ್ಕೆ ಸೇರಿಸುವಂತೆಯೂ ಇಲ್ಲ.

ಉತ್ತರದ ಗಟ್ಟಿತನ ಇರುವುದು ಕೊನೆಯ ಸಾಲಿನಲ್ಲಿ. 2023ರ ಜುಲೈಯಲ್ಲಿ ಟೊಮೆಟೊ ಮೊದಲಾದ ತರಕಾರಿಗಳ ಬೆಲೆ ಏರಿದ್ದರಿಂದ ಹಣದುಬ್ಬರ 7.44 ಮುಟ್ಟಿತು, ಸೆಪ್ಟೆಂಬರ್‌ಗೆ 5.02ಕ್ಕೆ ಇಳಿಯಿತು. ಈ ಅವಧಿಯಲ್ಲಿ ರೆಪೊ 6.50ರಲ್ಲೇ ಅಲುಗಾಡದೆ ಇತ್ತು. ಆಗಿನ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು 45.86 ಆಗಿದ್ದುದರಿಂದ, ಪೂರೈಕೆಯ ಕಡೆಯಿಂದ ಬಂದ ಒಂದು ಏಟು ಒಟ್ಟು ಅಂಕಿಯನ್ನೇ ಎತ್ತಿಬಿಡಬಲ್ಲದು. ಆದುದರಿಂದ ತೀರ್ಪನ್ನು ಹೀಗೆ ಬರೆಯಬಹುದು: ದರ ಏರಿಕೆ ಬೇಡಿಕೆಯನ್ನು ತಗ್ಗಿಸಿ ಹಣದುಬ್ಬರದ ಇಳಿಕೆಗೆ ನೆರವಾಗಿರಬಹುದು, ಆದರೆ ಎಷ್ಟು ಎಂಬುದನ್ನು ಈ ಕೋಷ್ಟಕ ಹೇಳಲಾರದು, ಹೇಳಬೇಕಾದರೆ ಸಾಲದ ಬೆಳವಣಿಗೆಯ ಅಂಕಿಗಳೂ, ಆಹಾರ ಮತ್ತು ಇಂಧನವನ್ನು ಬಿಟ್ಟ ಹಣದುಬ್ಬರದ ಅಂಕಿಗಳೂ ಬೇಕು.

ಮುಂದೆ ಎತ್ತಿಕೊಳ್ಳಬೇಕೆಂದಿರುವುದು ಇದೇ ಕಾಲದ ಅಮೆರಿಕದ ದರ ಏರಿಕೆ ಮತ್ತು ರೂಪಾಯಿಯ ವಿನಿಮಯ ದರದ ಪ್ರಶ್ನೆಯನ್ನು. ಡಾಲರಿಗೆ 80 ರೂಪಾಯಿ ದಾಟಿದ್ದು 2022ರಲ್ಲಿ. ಗಲ್ಫ್‌ನಿಂದ ಬರುವ ಹಣವನ್ನು ನೆಚ್ಚಿಕೊಂಡ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ ಇರುವುದರಿಂದ ಅಲ್ಲಿಯ ನಡುವಿನ ಕೊಂಡಿಗೆ ಉದಾಹರಣೆ ಹುಡುಕುವ ಕಷ್ಟವಿರದು. ಅದಕ್ಕೆ ಮೊದಲು, ದಯವಿಟ್ಟು ಎಲ್ಲರೂ ಈ ಉತ್ತರದ ನಡುವಿನ ಪ್ಯಾರಾವನ್ನು ಮಾತ್ರ ಹೊಸದಾಗಿ ಬರೆದು, ಕೋಷ್ಟಕದಿಂದ ಬಂದ ವಾಕ್ಯಗಳ ಕೆಳಗೆ ಗೆರೆ ಎಳೆದು ಕಳುಹಿಸಿ.