ಹತ್ತು ಸೆಲ್, ಒಂದು ಪಿ-ವ್ಯಾಲ್ಯೂ, ಮುಗಿಯದ ಜಗಳ

ಬಾಲ್ಕನಿಯ ಸೋಲಾರ್ ದೀಪದ ಬ್ಯಾಟರಿ ಪ್ಯಾಕ್ ಇನ್ನೂ ಸೆಲ್ ಟೆಸ್ಟಿಂಗ್‌ನಲ್ಲೇ ನಿಂತಿದೆ. ಎಸ್‌ಪಿ ರೋಡಿನಿಂದ ತಂದ 18650 ಸೆಲ್‌ಗಳ ಮೇಲೆ 2600 ಎಂಎಎಚ್ ಅಂತ ಬರೆದಿದೆ. "ಪಕ್ಕಾ ಒರಿಜಿನಲ್ ಸಾರ್" ಅಂದರು ಅಂಗಡಿಯವರು. ಒರಿಜಿನಲ್ ಅಲ್ಲ ಅಂತ ಹೇಳಿ ಮಾರಿದವರನ್ನು ನಾನಂತೂ ನೋಡಿಲ್ಲ. ಹತ್ತನ್ನೂ ಚಾರ್ಜ್ ಮಾಡಿ, ಖಾಲಿ ಮಾಡಿ, ಅಳೆದೆ. ಬಂದ ಸಂಖ್ಯೆಗಳನ್ನು ಲೇಬಲ್‌ನ 2600ಕ್ಕೆ ಹೋಲಿಸಲು R‌ನಲ್ಲಿ ಟಿ-ಟೆಸ್ಟ್ ಓಡಿಸಿದೆ.

```
x <- c(2390, 2440, 2460, 2500, 2530,
       2560, 2570, 2610, 2650, 2690)
t.test(x, mu = 2600)
```

ಆವರೇಜ್ 2540, ಪಿ-ವ್ಯಾಲ್ಯೂ 0.077, 95% ಕಾನ್ಫಿಡೆನ್ಸ್ ಇಂಟರ್ವಲ್ 2472ರಿಂದ 2608. ಇಲ್ಲಿಂದ ಶುರುವಾಯಿತು ತಲೆನೋವು.

ಪಕ್ಕದ ಮನೆಯ ಹುಡುಗಿ ಬಿಎಸ್‌ಸಿ ಮೊದಲ ವರ್ಷ, ಸ್ಟಾಟಿಸ್ಟಿಕ್ಸ್ ಈಗಷ್ಟೇ ಶುರು. "ಅಂಕಲ್, ಲೇಬಲ್ ನಿಜ ಆಗಿರೋ ಚಾನ್ಸ್ 7.7% ಅಷ್ಟೇ" ಅಂದಳು. ಅಲ್ಲ. ಲೇಬಲ್ ನಿಜ ಅಂತ ಮೊದಲು ಒಪ್ಪಿಕೊಂಡೇ ಈ ಲೆಕ್ಕ ಶುರುವಾಗುತ್ತದೆ. ಸೆಲ್‌ಗಳ ನಿಜವಾದ ಆವರೇಜ್ 2600 ಆಗಿದ್ದರೂ, ಹತ್ತು ಸೆಲ್ ಎತ್ತಿಕೊಂಡಾಗ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಸುಮ್ನೆ ಅದೃಷ್ಟದಿಂದ ಬರೋ ಚಾನ್ಸ್ 7.7%. ಅಂಗಡಿಯವರು ನಿಜ ಹೇಳಿದ ಚಾನ್ಸ್ ಬೇಕಿದ್ದರೆ, ಅವರ ಹಳೆಯ ಚರಿತ್ರೆಯನ್ನೂ ಲೆಕ್ಕಕ್ಕೆ ತರಬೇಕು. ಅದು ಈ ಹತ್ತು ಸಂಖ್ಯೆಗಳಲ್ಲಿಲ್ಲ.

ನನ್ನ ಗೆಳೆಯ ಇನ್ನೊಂದು ತುದಿ. ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬಂದರೆ ಮಾತ್ರ ಲೇಬಲ್ ತಳ್ಳಿಹಾಕೋದು ರೂಢಿ. "0.05ಕ್ಕಿಂತ ಮೇಲಿದೆಯಲ್ಲ ಗುರು, ಲೇಬಲ್ ಸರಿ ಅಂತ ಪ್ರೂವ್ ಆಯ್ತು." ಇಂಟರ್ವಲ್ ನೋಡಪ್ಪಾ ಅಂದೆ. ಅದರೊಳಗೆ 2600 ಇದೆ, ನಿಜ. ಆದರೆ 2480 ಕೂಡ ಇದೆ. ಈ ಡೇಟಾ ಎರಡನ್ನೂ ತಳ್ಳಿಹಾಕಲಾರದು. ಹತ್ತು ಸೆಲ್‌ಗೆ ಇಷ್ಟೇ ಶಕ್ತಿ.

ನನಗೆ ಜಾಸ್ತಿ ಸಿಟ್ಟು ಬರಿಸಿದ್ದು ಮೂರನೆಯದು. "ಹಾಗಾದ್ರೆ 95% ಸೆಲ್‌ಗಳು 2472ರಿಂದ 2608ರ ಒಳಗೆ ಇರ್ತವೆ, ಅಲ್ವಾ?" ಎಂದಳು ಹುಡುಗಿ. ಮೇಲಿನ ಪಟ್ಟಿಯಲ್ಲಿ ಎಣಿಸಿ: ಒಳಗಿರುವುದು 2500, 2530, 2560, 2570, ನಾಲ್ಕೇ. ಆರು ಹೊರಗೆ! ಇಂಟರ್ವಲ್ ಹೇಳುವುದು ಆವರೇಜ್ ಬಗ್ಗೆ, ಒಂದೊಂದು ಸೆಲ್ ಬಗ್ಗೆ ಅಲ್ಲ. ಆ 95% ಕೂಡ ಈ ಒಂದು ಇಂಟರ್ವಲ್‌ನ ಗುಣವಲ್ಲ, ವಿಧಾನದ್ದು. ಹೀಗೇ ಮತ್ತೆ ಮತ್ತೆ ಹತ್ತು ಸೆಲ್ ಎತ್ತಿ ಇಂಟರ್ವಲ್ ಮಾಡುತ್ತಾ ಹೋದರೆ, ನೂರಕ್ಕೆ ಸುಮಾರು 95 ಸಲ ನಿಜವಾದ ಆವರೇಜ್ ಅದರೊಳಗೆ ಸಿಗುತ್ತದೆ. ನಮ್ಮದು ಉಳಿದ ಐದರಲ್ಲಿ ಒಂದಾ? ನೋಡಿ ಹೇಳೋಕಾಗಲ್ಲ.

ಪ್ಯಾಕ್ ಕಟ್ಟುವವರಿಗೆ ಆವರೇಜ್‌ಗಿಂತ ಆ 2390ದ್ದೇ ಚಿಂತೆ. ಸೀರೀಸ್‌ನಲ್ಲಿ ಮೊದಲು ಖಾಲಿಯಾಗೋದು ಅದೇ. ದೀಪಕ್ಕೆ ಪರವಾಗಿಲ್ಲ. ಆಮೇಲೆ ಸೈಕಲ್‌ಗೆ 36 ವೋಲ್ಟ್ ಮೋಟಾರ್ ಹಾಕೋ ಪ್ಲಾನ್ ಇದೆ, ಅದಕ್ಕೆ ಇದು ಬೇಡವೇ ಬೇಡ.

"ಇನ್ನೆರಡು ತಂದು ನೋಡೋಣ, 0.05ರ ಕೆಳಗೆ ಬರೋವರೆಗೂ" ಅಂತಾನೆ ಗೆಳೆಯ. ಹಾಗೆ ಪ್ರತಿ ಸಲ ಇಣುಕಿ ನೋಡುತ್ತಾ ಹೋದರೆ ಸರಿಯಾದ ಲೇಬಲ್ ಕೂಡ ಒಂದಲ್ಲ ಒಂದು ದಿನ ಫೇಲ್ ಆಗುತ್ತೆ. ಹೊಸದಾಗಿ 40 ಸೆಲ್, ಸಂಖ್ಯೆ ಮೊದಲೇ ಗೊತ್ತುಮಾಡಿ, ಒಂದೇ ಸಲ ಟೆಸ್ಟ್ ಅಂತ ನಿರ್ಧರಿಸಿದ್ದೇನೆ. ಫೋನ್ ಮಾಡಿದರೆ ಅಂಗಡಿಯವರು "ಆ ಲಾಟ್ ಖಾಲಿ ಸಾರ್, ಹೊಸ ಲಾಟ್ ಬಂದಿದೆ, ಇನ್ನೂ ಚೆನ್ನಾಗಿದೆ" ಅಂತಾರೆ. ಹೊಸ ಲಾಟ್ ಅಂದರೆ ಹೊಸ ಆವರೇಜ್. ಹಳೇ ಹತ್ತನ್ನು ಇದರ ಜೊತೆ ಸೇರಿಸೋ ಹಾಗೇ ಇಲ್ಲ.