ಚಿಕ್ಕಪ್ಪನ ಎರಡು ಗಂಟೆ

ಕಳೆದ ತಿಂಗಳು ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಒಂದು ದೊಡ್ಡ ಕಪ್ಪು-ಬಿಳುಪು ಫೋಟೋ ಸಿಕ್ಕಿತು. ಶಿರಾ ಹತ್ತಿರದ ನಮ್ಮ ಕಣ, ಅಂಚಿಗೆ ಒಂದು ಹುಣಸೆಮರ, ಮೇಲೆಲ್ಲ ಬಳೆ ಚೂರುಗಳ ಹಾಗೆ ಬಾಗಿದ ನಕ್ಷತ್ರದ ಗೆರೆಗಳು. ಹಿಂದೆ ಚಿಕ್ಕಪ್ಪನ ಕೈಬರಹ: ‘ಜನವರಿ 1988, ಎರಡು ಗಂಟೆ’. ಕ್ಯಾಮೆರಾವನ್ನು ಸ್ಟೂಲಿಗೆ ಕಟ್ಟಿ, ಶಟರ್ ತೆರೆದಿಟ್ಟು ತೆಗೆದದ್ದಂತೆ.

ಗೆರೆಗಳು ಎರಡು ಗಂಟೆಗೆ ಗಿಡ್ಡ ಅನ್ನಿಸಿದವು. ಭೂಮಿ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ ಬೇಕು. ಅಂದರೆ ಒಂದು ಡಿಗ್ರಿಗೆ ನಾಲ್ಕು ನಿಮಿಷ, ಒಂದು ಕೂದಲೆಳೆ ಕಮ್ಮಿ. ಎರಡು ಗಂಟೆಯಾದರೆ ಗೆರೆ 30 ಡಿಗ್ರಿ ತಿರುಗಿರಬೇಕು ಅಲ್ವಾ? ಅಣ್ಣನ ಮಗಳ ಕಂಪಾಸ್ ಬಾಕ್ಸ್ ಇಸ್ಕೊಂಡು, ಫೋಟೋ ಮೇಲೆ ಬೆಣ್ಣೆ ಕಾಗದ ಹಾಸಿ ಕೂತೆ.

ಮೊದಲು ಕೇಂದ್ರ ಬೇಕು. ಧ್ರುವ ನಕ್ಷತ್ರದ ಮೇಲೇ ಕೈವಾರದ ಮೊನೆ ಊರಿದೆ. ತಪ್ಪು. ಧ್ರುವವೂ ಅಲ್ಲಾಡದೆ ನಿಂತಿಲ್ಲ. 1988ರಲ್ಲಿ ಅದು ನಿಜವಾದ ಕೇಂದ್ರದಿಂದ ಸುಮಾರು 0.8 ಡಿಗ್ರಿ ದೂರವಿತ್ತು, ಹುಣ್ಣಿಮೆ ಚಂದ್ರನ ಒಂದೂವರೆ ಅಗಲದಷ್ಟು. ಫೋಟೋದಲ್ಲಿ ಅದೂ ಒಂದು ಪುಟ್ಟ ಗೆರೆಯೇ. ಅದನ್ನೇ ಕೇಂದ್ರ ಅಂದುಕೊಂಡರೆ ಹತ್ತಿರದ ಗೆರೆಗಳ ಕೋನ ನಾಲ್ಕೈದು ಡಿಗ್ರಿ ಏರುಪೇರಾಗುತ್ತದೆ. ಸರಿಯಾದ ದಾರಿ ಎಂಟನೇ ಕ್ಲಾಸಿನದ್ದು. ಉದ್ದನೆಯ ಒಂದು ಗೆರೆಯ ಎರಡು ತುದಿ ಸೇರಿಸಿ, ಆ ಸರಳರೇಖೆಯ ನಡುಮಧ್ಯಕ್ಕೆ ಲಂಬ ಎಳೆಯಬೇಕು. ಬೇರೆ ದಿಕ್ಕಿನ ಇನ್ನೊಂದು ಗೆರೆಗೂ ಹಾಗೇ. ಎರಡು ಲಂಬಗಳು ಕೂಡುವ ಜಾಗವೇ ಕೇಂದ್ರ. ನಾನು ಮೂರು ಎಳೆದೆ. ಒಂದು ಕಾಳುಮೆಣಸಿನಷ್ಟು ಜಾಗದೊಳಗೆ ಕೂಡಿದವು, ಧ್ರುವದ ಗೆರೆಯಿಂದ ಸ್ವಲ್ಪ ಆಚೆಗೆ.

ಕೋನಮಾಪಕದಲ್ಲಿ ಅರ್ಧ ಡಿಗ್ರಿ ಓದುವುದೇ ಕಷ್ಟ, ಸ್ಕೇಲೇ ವಾಸಿ. ಕೇಂದ್ರದ ಬಲಕ್ಕೆ ಒಂದು ದಪ್ಪ ಗೆರೆ ಇತ್ತು. ಕೇಂದ್ರದಿಂದ ಅದಕ್ಕೆ 104 ಮಿ.ಮೀ. ಅದರ ತುದಿಯಿಂದ ತುದಿಗೆ ನೇರವಾಗಿ 34.5 ಮಿ.ಮೀ.

```
2 × asin(34.5 / (2 × 104)) = 19.1°
19.1 × 3.99 = 76 ನಿಮಿಷ
```

ಅರ್ಧ ಮಿ.ಮೀ. ತಪ್ಪಾಗಿ ಅಳೆದಿದ್ದರೂ ಒಂದು ನಿಮಿಷದ ವ್ಯತ್ಯಾಸ ಅಷ್ಟೆ. ಎರಡು ಗಂಟೆಯಾಗಿದ್ದರೆ ಆ ಉದ್ದ 54 ಮಿ.ಮೀ. ಇರಬೇಕಿತ್ತು.

ಲೆನ್ಸ್ ಮೋಸ ಮಾಡಿತಾ ಅಂತ ಅನುಮಾನ ಬಂತು. ಹಿಂದೊಮ್ಮೆ ಅಗಲ ಕೋನದ ಲೆನ್ಸಿನಲ್ಲಿ ನಾನೇ ಸರಿಯಾಗಿ ಒಂದು ಗಂಟೆಯ ಫೋಟೋ ತೆಗೆದಿದ್ದೆ. ಎಲ್ಲ ಗೆರೆಗಳೂ 15 ಡಿಗ್ರಿ ಇರಬೇಕಿತ್ತು. ಧ್ರುವದ ನೇರ ಮೇಲಿನವು 13 ಬಂದವು, ಪಕ್ಕದವು 17. ನಮ್ಮ ಕಡೆ ಧ್ರುವ ದಿಗಂತದಿಂದ 14 ಡಿಗ್ರಿಯೂ ಮೇಲಿಲ್ಲ. ಆಕಾಶ ಜಾಸ್ತಿ ಸಿಗಲಿ ಅಂತ ಕ್ಯಾಮೆರಾ ಮೇಲಕ್ಕೆತ್ತಿದರೆ ಧ್ರುವ ಚೌಕಟ್ಟಿನ ಕೆಳಕ್ಕೆ ಸರಿಯುತ್ತದೆ. ಅಲ್ಲಿ ಇಂಥ ಲೆನ್ಸ್ ಚಿತ್ರವನ್ನು ಅಡ್ಡಕ್ಕಿಂತ ಉದ್ದಕ್ಕೆ ಹೆಚ್ಚು ಎಳೆಯುತ್ತದೆ, ವೃತ್ತ ಮೊಟ್ಟೆಯಂತಾಗುತ್ತದೆ. ಚಿಕ್ಕಪ್ಪನದ್ದು ಸಾದಾ 50 ಮಿ.ಮೀ. ಲೆನ್ಸ್, ಧ್ರುವವೂ ಹೆಚ್ಚು ಕಮ್ಮಿ ನಡುವೆ ಇದೆ. ಮೇಲೆ, ಎಡಕ್ಕೆ, ಬಲಕ್ಕೆ ಐದು ಗೆರೆ ಅಳೆದೆ. ನಾಲ್ಕು 19ರ ಆಸುಪಾಸಿನಲ್ಲೇ. ಐದನೆಯದು 11, ಆದರೆ ಅದರ ಒಂದು ತುದಿ ಹುಣಸೆಮರದ ಹಿಂದೆ ಹೋಗಿತ್ತು. ಎರಡೂ ತುದಿ ಕಾಣದ ಗೆರೆ ಈ ಲೆಕ್ಕಕ್ಕೆ ಬಾರದು. ಮೋಡ ಅಡ್ಡ ಬಂದಿದ್ದರೂ ಗೆರೆಗಳು ಬೇರೆ ಬೇರೆ ಕೋನದಲ್ಲಿ ತುಂಡಾಗುತ್ತಿದ್ದವು.

‘ಚಿಕ್ಕಪ್ಪಾ, ಎಪ್ಪತ್ತಾರೇ ನಿಮಿಷ’ ಅಂದೆ, ಗೆದ್ದವನ ಹಾಗೆ.

‘ಸುಮ್ನಿರೋ. ಒಂಬತ್ತಕ್ಕೆ ತೆಗೆದೆ, ಹನ್ನೊಂದಕ್ಕೆ ಮುಚ್ಚಿದೆ. ರೇಡಿಯೋ ವಾರ್ತೆ ಕೇಳಿಕೊಂಡೇ ಶುರು ಮಾಡಿದ್ದು.’

ಭೂತಗನ್ನಡಿ ತಂದು ಗೆರೆಗಳ ತುದಿಯನ್ನೇ ನೋಡಿದೆ. ಬಲಗಡೆ ಗೆರೆಯ ಕೆಳತುದಿ ಕತ್ತರಿಸಿದ ಹಾಗೆ ಚೊಕ್ಕ. ಮೇಲ್ತುದಿ ಮಾತ್ರ ಸಣ್ಣಗಾಗುತ್ತಾ ಮಸುಕಾಗಿ ಕರಗಿತ್ತು. ಉತ್ತರಕ್ಕೆ ಮುಖ ಮಾಡಿ ನಿಂತರೆ ನಕ್ಷತ್ರಗಳು ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗುತ್ತವೆ. ಹಾಗಾಗಿ ಧ್ರುವದ ಬಲಕ್ಕೆ ಮೇಲ್ತುದಿಯೇ ಕೊನೆ. ಎಡಗಡೆಯ ಗೆರೆಗಳನ್ನು ನೋಡಿದೆ. ಅಲ್ಲಿ ಕೆಳತುದಿ ಮಸುಕು. ಅಂದರೆ ಎಲ್ಲ ನಕ್ಷತ್ರಗಳೂ ಒಂದೇ ಹೊತ್ತಿನಲ್ಲಿ, ನಿಧಾನವಾಗಿ ಮಂಕಾಗಿವೆ. ಶಟರ್ ಮುಚ್ಚಿದರೆ ಗೆರೆ ಥಟ್ಟನೆ ನಿಲ್ಲಬೇಕು.

‘ಅವತ್ತು ಇಬ್ಬನಿ ಇತ್ತಾ?’

‘ಇಲ್ದೆ? ಹುಲ್ಲಿನ ಬಣವೆಯೆಲ್ಲ ಒದ್ದೆ. ಮುಚ್ಚೋಕೆ ಹೋದಾಗ ಲೆನ್ಸ್ ಮೇಲೂ ನೀರು ಕೂತಿತ್ತು. ಪಂಚೆ ಅಂಚಲ್ಲಿ ಒರೆಸಿ ಒಳಗಿಟ್ಟೆ.’

ಶಟರ್ ಎರಡು ಗಂಟೆ ತೆರೆದೇ ಇತ್ತು. ಫಿಲ್ಮಿಗೆ ನಕ್ಷತ್ರ ಕಂಡದ್ದು ಸುಮಾರು 76 ನಿಮಿಷ. ಉಳಿದ ಮುಕ್ಕಾಲು ಗಂಟೆ ಇಬ್ಬನಿ ಕೂತ ಗಾಜು. ಕೊನೆ ಮಸುಕಾಗಿರುವುದರಿಂದ ಆ 76 ಕೂಡ ಎರಡು ಮೂರು ನಿಮಿಷ ಅತ್ತಿತ್ತ ಇರಬಹುದು.

‘ನೋಡ್ದಾ’ ಅಂದರು ಚಿಕ್ಕಪ್ಪ. ಫೋಟೋ ಇಸ್ಕೊಂಡು ಮತ್ತೆ ಟ್ರಂಕಿಗೆ ಹಾಕಿದರು.